ಲೋ ಫ್ಯಾಟ್ ಅಂದ್ರೆ ಕ್ಯಾಲೊರಿ ಕಡಿಮೆಯೇ?

ಪ್ರಶ್ನೆ: ಕಾರವಾರದ ಸೆಖೆಗೆ ದಿನಾ ಒಂದು ಡಬ್ಬಿ ಲೋ ಫ್ಯಾಟ್ ಮಾವಿನ ಯೋಗರ್ಟ್ ತಿನ್ನುತ್ತೇನೆ. ಕ್ಯಾಲೊರಿ ಕಡಿಮೆ ಅಲ್ವಾ?

ಉತ್ತರ: ಹಾಗೇನಿಲ್ಲ. ಕೊಬ್ಬು ತೆಗೆದಾಗ ರುಚಿ ಹೋಗುತ್ತದೆ, ಅದನ್ನು ತುಂಬಲು ಹಲವು ಸಲ ಸಕ್ಕರೆ ಹಾಕುತ್ತಾರೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಸಕ್ಕರೆಗೆ 4. ಮನೆಯ ಮೊಸರಿನ 100 ಗ್ರಾಂನಲ್ಲಿ ಕೊಬ್ಬು ಸುಮಾರು 4 ಗ್ರಾಂ, ಒಟ್ಟು 65–70 ಕ್ಯಾಲೊರಿ. ನಿಮ್ಮ ಯೋಗರ್ಟಿನಲ್ಲಿ ಕೊಬ್ಬು 1.5 ಗ್ರಾಂ, ಸಕ್ಕರೆ 15 ಗ್ರಾಂ ಇದ್ದರೆ ಪ್ರೋಟೀನೂ ಸೇರಿ 90ರ ಹತ್ತಿರ ಬರುತ್ತದೆ.

ಡಬ್ಬಿ 200 ಗ್ರಾಂ ಇದ್ದು, ಮೇಲೆ ‘ಒಂದು ಸರ್ವಿಂಗ್ 100 ಗ್ರಾಂ’ ಎಂದಿದ್ದರೆ ಆ 90 ಅರ್ಧ ಡಬ್ಬಿಗೆ ಮಾತ್ರ. ನೀವು ತಿನ್ನುವುದು ಪೂರ್ತಿ ಡಬ್ಬಿ, ಅಂದರೆ 180. ಇದು ನಿಜಕ್ಕೂ ಜನರನ್ನು ದಾರಿ ತಪ್ಪಿಸುತ್ತದೆ. ಎರಡು ಡಬ್ಬಿ ಹೋಲಿಸುವಾಗ ‘100 ಗ್ರಾಂಗೆ’ ಎಂಬ ಸಾಲನ್ನೇ ನೋಡಿ. ಆಮೇಲೆ ‘ಆಡೆಡ್ ಶುಗರ್’ ಎಷ್ಟಿದೆ ಓದಿ.