ಮೆಂಡಿಕೋಟಿನಲ್ಲಿ ಹುಕುಂ ತೀರ್ಮಾನವಾಗುವುದು ಹೇಗೆ?

ಪ್ರಶ್ನೆ: ಮೆಂಡಿಕೋಟಿನಲ್ಲಿ ಹುಕುಂ ಯಾರು ಆರಿಸುತ್ತಾರೆ? ವೈಟ್‌ವಾಶ್ ಆದರೆ ಎಷ್ಟು ಅಂಕ?

ಉತ್ತರ: ಮೆಂಡಿಕೋಟು ಎಂದರೆ ನಾಲ್ವರು ಎರಡು ಜೋಡಿಯಾಗಿ, ಹತ್ತರ ಎಲೆಗಳನ್ನು ಗೆಲ್ಲಲು ಆಡುವ ಎಲೆಯಾಟ. ಉಳಿದ ಬಣ್ಣಗಳನ್ನು ಹೊಡೆಯುವ ಬಣ್ಣವಾದ ಹುಕುಮನ್ನು ಇದರಲ್ಲಿ ಮೊದಲೇ ಯಾರೂ ಘೋಷಿಸುವುದಿಲ್ಲ. ಇಳಿದ ಬಣ್ಣದ ಎಲೆ ಕೈಯಲ್ಲಿಲ್ಲದವನು ಮೊದಲ ಬಾರಿಗೆ ಬೇರೆ ಬಣ್ಣ ಹಾಕಿದಾಗ ಆ ಬಣ್ಣವೇ ಹುಕುಂ. ಬೆಳಗಾವಿಯ ಕಟ್ಟೆಗಳಲ್ಲಿ ಮರಾಠಿ, ಕನ್ನಡ ಎರಡರಲ್ಲೂ ಜಗಳವಾಡುತ್ತ ಆಡುವವರಿಗೆ ಇದು ‘ಕಟ್ ಹುಕುಂ’.

ಎದುರಾಳಿ ಇಸ್ಪೀಟು ಎಕ್ಕ ಇಳಿಸಿದ ಎನ್ನಿ. ನಿಮ್ಮಲ್ಲಿ ಇಸ್ಪೀಟು ಒಂದೂ ಇಲ್ಲ; ಆಟೀನು ಐದಿವೆ, ಅದರಲ್ಲಿ ಎಕ್ಕವೂ ಇದೆ. ಆಟೀನು ಮೂರನ್ನು ಹಾಕಿದರೆ ಆಟೀನು ಹುಕುಂ ಆಗುತ್ತದೆ, ಆ ಮೂರೇ ಇಸ್ಪೀಟು ಎಕ್ಕವನ್ನು ಹೊಡೆಯುತ್ತದೆ. ನಿಮ್ಮ ನಂತರದವನೂ ಇಸ್ಪೀಟಿಲ್ಲದೆ ದೊಡ್ಡ ಆಟೀನು ಹಾಕಿದರೆ ಮಾತ್ರ ಸುತ್ತು ಕೈತಪ್ಪುತ್ತದೆ. ಅದಕ್ಕೇ ಜಾಣರು ಒಂಟಿ ಎಲೆಯ ಬಣ್ಣವನ್ನು ಬೇಗ ಖಾಲಿ ಮಾಡುತ್ತಾರೆ: ಮೊದಲು ಬರಿದಾದವನಿಗೇ ಹುಕುಂ ಆರಿಸುವ ಭಾಗ್ಯ. ‘ಬಂದ್ ಹುಕುಂ’ ಎಂಬ ಇನ್ನೊಂದು ಪದ್ಧತಿಯಲ್ಲಿ ಒಬ್ಬ ಒಂದು ಎಲೆಯನ್ನು ಮುಚ್ಚಿಡುತ್ತಾನೆ, ಬಣ್ಣವಿಲ್ಲದವನು ಕೇಳಿದಾಗ ಅದನ್ನು ತೆರೆಯುತ್ತಾರೆ.

ವೈಟ್‌ವಾಶ್ ಎಂದರೆ 13ಕ್ಕೆ 13 ಸುತ್ತೂ ಒಂದೇ ಜೋಡಿಗೆ. ನಾಲ್ಕೂ ಹತ್ತು ಸಿಕ್ಕು ಒಂದು ಸುತ್ತು ಕೈಬಿಟ್ಟರೂ ಅದು ಬರೀ ‘ಮೆಂಡಿಕೋಟು’ ಎಂಬ ಗೆಲುವು. ವೈಟ್‌ವಾಶ್‌ಗೆ ಎಲ್ಲೆಡೆ ಒಪ್ಪಿದ ಅಂಕವಿಲ್ಲ. ಸಾಧಾರಣ ಗೆಲುವು, ಅದರ ಮೇಲೆ ಮೆಂಡಿಕೋಟು, ಎಲ್ಲಕ್ಕೂ ಮೇಲೆ ವೈಟ್‌ವಾಶ್ ಎಂಬ ಶ್ರೇಣಿಯಷ್ಟೇ. ಅಂಕ ಬರೆಯುವುದಿದ್ದರೆ ಎಲೆ ಹಂಚುವ ಮೊದಲೇ ಮಾತಾಡಿಕೊಳ್ಳಿ. ನಿಜವಾದ ಶಿಕ್ಷೆ ಹಂಚುವ ಕೆಲಸದಲ್ಲಿದೆ: ಸಾಮಾನ್ಯವಾಗಿ ಸೋತ ಹಂಚುಗಾರನೇ ಮತ್ತೆ ಹಂಚುತ್ತಾನೆ, ವೈಟ್‌ವಾಶ್ ಆದರೆ ಆ ಕೆಲಸ ಅವನ ಜೊತೆಗಾರನ ಪಾಲಿಗೆ ಹೋಗುತ್ತದೆ.