ಅರ್ಧಕ್ಕೆ ನಿಂತ ಇಂಗ್ಲಿಷ್ ಮೆಸೇಜಿಗೆ ಏನು ಬರೆಯಬೇಕು?

ಚಿಂತಾಮಣಿಯಲ್ಲಿ ನಮ್ಮದು ಡ್ರಿಪ್ ಸಾಮಾನಿನ ಅಂಗಡಿ. ರೈತರೊಬ್ಬರು ವಾಟ್ಸ್ಆ್ಯಪ್‌ನಲ್ಲಿ ‘ಸರ್ ಲಾಸ್ಟ್ ಲೈನ್ ವಾಟರ್ ನಾಟ್ ಕಮಿಂಗ್, ಫಿಲ್ಟರ್ ಐ ಆ್ಯಮ್’ ಅಂತ ಬರೆದು ನಿಲ್ಲಿಸಿದರು. ‘ಕನ್ನಡದಲ್ಲೇ ಬರೆಯಿರಿ’ ಅಂದೆ. ಮತ್ತೆ ಉತ್ತರವೇ ಇಲ್ಲ. ತಪ್ಪೇನಾಯಿತು?

ಈ ಪ್ರಶ್ನೆ ತಿಂಗಳಿಗೊಮ್ಮೆ ಬರುತ್ತದೆ, ತಪ್ಪೂ ಪ್ರತಿಸಲ ಅದೇ. ನಿಮ್ಮ ಮಾತು ಅವರಿಗೆ ‘ನಿಮಗೆ ಇಂಗ್ಲಿಷ್ ಬರೋದಿಲ್ಲ’ ಎಂದೇ ಕೇಳಿಸಿತು. ಭಾಷೆಯ ಸುದ್ದಿಯನ್ನೇ ಎತ್ತಬೇಡಿ. ನೀವು ಕನ್ನಡದಲ್ಲಿ ನೀರಿನ ವಿಷಯ ಮಾತಾಡಿದರೆ ಅದೇ ಆಹ್ವಾನ:

‘ಕೊನೇ ಸಾಲಿಗೆ ನೀರು ಬರ್ತಿಲ್ಲ, ಗೊತ್ತಾಯ್ತಣ್ಣ. ಫಿಲ್ಟರ್ ಬಿಚ್ಚಿ ತೊಳೆದಾಯ್ತಾ, ಇನ್ನೂ ತೊಳೀಬೇಕಾ?’

ಮೊದಲ ವಾಕ್ಯ ಅವರು ಹೇಳಿದ್ದು ನಿಮಗೆ ಮುಟ್ಟಿದೆ ಎಂದು ತಿಳಿಸುತ್ತದೆ, ಇನ್ನೊಮ್ಮೆ ಬರೆಯುವ ಕಷ್ಟ ತಪ್ಪುತ್ತದೆ. ಎರಡನೆಯದು ಅವರು ತಡವರಿಸಿದ ಜಾಗಕ್ಕೇ ಕೈ ಕೊಡುತ್ತದೆ. ‘ತೊಳೆದಾಯ್ತು’ ಅಂತ ಒಂದೇ ಪದ ಬರೆದರೂ ಅವರು ಕನ್ನಡಕ್ಕೆ ಬಂದ ಹಾಗೆ.

ಇಲ್ಲಿ ಎರಡು ದಾರಿ ಕೊಟ್ಟು ಕೇಳಿರುವುದಕ್ಕೆ ಕಾರಣವಿದೆ. ‘ಫಿಲ್ಟರ್ ತೊಳೆದಿದ್ದೀರಿ ಅಲ್ವಾ?’ ಅಂತ ನೀವೇ ವಾಕ್ಯ ಮುಗಿಸಿಕೊಟ್ಟರೆ, ಮುಜುಗರದಲ್ಲಿರುವವರು ‘ಎಸ್ ಸರ್’ ಅಂದುಬಿಡುತ್ತಾರೆ. ಅವರು ಕೇಳಬೇಕೆಂದಿದ್ದು ‘ತೊಳೆಯೋದು ಹೇಗೆ’ ಅಂತ ಇದ್ದಿರಬಹುದು. ಆಮೇಲೆ ನೀವು ಇಲ್ಲದ ತೊಂದರೆಯನ್ನು ಪೈಪಿನಲ್ಲಿ ಹುಡುಕುತ್ತ ಕೂರುತ್ತೀರಿ. ವಿವರವಿಲ್ಲದ ಬರೀ ‘ಎಸ್ ಸರ್’, ‘ಓಕೆ ಸರ್’ ಬಂದರೆ ಅರ್ಥವಾಗಿಲ್ಲವೆಂದೇ ಹಿಡಿಯಿರಿ.

‘ಶೋಧಕವನ್ನು ಶುಚಿಗೊಳಿಸಲಾಗಿದೆಯೇ’ ಅಂತ ಮಾತ್ರ ಬರೆಯಬೇಡಿ. ಇಂಗ್ಲಿಷ್ ಪರೀಕ್ಷೆ ತಪ್ಪಿಸಿ ಕನ್ನಡ ಪರೀಕ್ಷೆಗೆ ಕೂರಿಸಿದಂತಾಗುತ್ತದೆ. ಫಿಲ್ಟರ್, ಲೈನ್, ವಾಲ್ವ್ ಹಾಗೇ ಇರಲಿ.

ಕಳಿಸಿದ ಮೇಲೆ ಸುಮ್ಮನಿರಿ. ಮೇಲೆ typing… ಕಾಣಿಸಿ ಮಾಯವಾಗುತ್ತಿದ್ದರೆ ಅವರು ಬರೆದು ಅಳಿಸುತ್ತಿರಬಹುದು. ಆಗ ಇನ್ನೊಂದು ಪ್ರಶ್ನೆ ಹಾಕಿದರೆ ಅದೂ ನಿಲ್ಲುತ್ತದೆ. ಮತ್ತೆ ಇಂಗ್ಲಿಷಿನಲ್ಲೇ ಬಂದರೂ ನೀವು ಕನ್ನಡ ಬಿಡಬೇಡಿ, ತಿದ್ದಲೂಬೇಡಿ.

ಆಗಲೂ ಅರ್ಧಕ್ಕೇ ನಿಂತರೆ ‘ಫಿಲ್ಟರ್ ಫೋಟೊ ಒಂದು ಹಾಕಿ, ಬಾಯಲ್ಲೇ ಹೇಳಿ ವಾಯ್ಸ್ ಕಳಿಸಿದ್ರೂ ಸಾಕು’ ಅನ್ನಿ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗು ಇರುವವರು, ಉರ್ದು ಶಾಲೆಯಲ್ಲಿ ಓದಿದವರು ಬಹಳ. ಕನ್ನಡ ಚೆನ್ನಾಗಿ ಮಾತಾಡುವ ಎಲ್ಲರಿಗೂ ಬರೆಯಲು ಸಲೀಸಲ್ಲ. ವಾಯ್ಸ್ ತೆಲುಗಲ್ಲಿ ಬಂದರೆ ತೆಲುಗಲ್ಲೇ ಉತ್ತರಿಸಿ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ. ಕನ್ನಡ ಕೀಬೋರ್ಡ್ ಹಾಕಿಕೊಳ್ಳಲು ಹೇಳಲೇ?

ಅವರು ಕೇಳಿದರೆ ಮಾತ್ರ.

ನಮ್ಮ ಹುಡುಗರನ್ನು 30 ದಿನದ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಕಳಿಸಿದರೆ ಇದು ಸರಿಹೋಗುತ್ತದಾ?

ಇಲ್ಲ. ಪದ ಸಿಗದೆ ನಿಂತವರು ನಿಮ್ಮ ಗಿರಾಕಿ. 30 ದಿನದಲ್ಲಿ ಭಾಷೆ ಕಲಿಸುತ್ತೇವೆ ಅನ್ನುವವರಿಗೆ ದುಡ್ಡು ಸುರಿಯಬೇಡಿ.