ಲೈವ್‌ನಲ್ಲಿ ಪ್ರಶ್ನೆಯನ್ನು ಬಾಯಿಬಿಟ್ಟು ಓದಿ, ನಿಮಿಷ ಬರೆದಿಡಿ

"ಕಾಫಿ, ಮೆಣಸು ಬೆಳೆಯೋರಿಗಾಗಿ ಯೂಟ್ಯೂಬ್ ಲೈವ್ ಶುರು ಮಾಡ್ಬೇಕು ಅಂತಿದ್ದೀನಿ. ಚಾಟ್, ಸೂಪರ್ ಚಾಟ್, ಆಮೇಲೆ ಕ್ಲಿಪ್ ಮಾಡೋದು, ಇದನ್ನೆಲ್ಲ ಹೇಗೆ ನೋಡ್ಕೊಳ್ತೀರಾ?"

ಒಬ್ಬರೇ ಕೂರಬೇಡಿ. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಮನೆಯಿಂದ ನಾನು ಭಾನುವಾರ ಸಂಜೆ ಲೈವ್ ಬರುತ್ತೇನೆ. ಚಾಟ್ ನೋಡುವುದು ನನ್ನ ತಂಗಿ, ಮಡಿಕೇರಿಯಲ್ಲಿ ಕೂತು. ಮಳೆಗೆ ಇಲ್ಲಿ ಕರೆಂಟ್ ಹೋದರೂ "ಸ್ವಲ್ಪ ಕಾಯಿರಿ" ಅಂತ ಹಾಕಲು ಅವಳಿರುತ್ತಾಳೆ.

ಲಿಂಕ್‌ಗಳನ್ನು ತಡೆಯಲು ಯೂಟ್ಯೂಬ್ ಸ್ಟುಡಿಯೋದಲ್ಲಿ Block links ಇದೆ. ಆದರೆ "ಕಡಿಮೆ ರೇಟಿಗೆ ಮೆಣಸಿನ ಬಳ್ಳಿ" ಅಂತ ಫೋನ್ ನಂಬರ್ ಹಾಕುವವರನ್ನು ಮನುಷ್ಯರೇ ನೋಡಿ ತೆಗೆಯಬೇಕು. Blocked words ಪಟ್ಟಿಗೆ ಬೈಗುಳವನ್ನು ಕನ್ನಡದಲ್ಲೂ ಸೇರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಜನ ಬರೆಯುವ ಮೂರ್ನಾಲ್ಕು ಥರದಲ್ಲೂ ಸೇರಿಸಿ. ದಿನಬಳಕೆಯ ಪದ ಮಾತ್ರ ಬೇಡ. ನಾವು "ರೇಟು" ಸೇರಿಸಿದ್ದಾಗ ಕಾಫಿ ರೇಟು ಕೇಳಿದವರೆಲ್ಲ ಸಿಕ್ಕಿಹಾಕಿಕೊಂಡರು.

ಸೂಪರ್ ಚಾಟ್ ಬಣ್ಣದಲ್ಲಿ ಬರುತ್ತದೆ. ದುಡ್ಡು ಜಾಸ್ತಿ ಆದಷ್ಟೂ ಹೆಚ್ಚು ಹೊತ್ತು ಮೇಲೆ ನಿಲ್ಲುತ್ತದೆ. ಹಾಗಾಗಿ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ನಾನು ಶುರುವಿನಲ್ಲೇ ಹೇಳಿಬಿಡುತ್ತೇನೆ: ದುಡ್ಡು ಕೊಟ್ಟವರ ಹೆಸರು ಓದಿ ಧನ್ಯವಾದ ಹೇಳುತ್ತೇನೆ, ಉತ್ತರ ಮಾತ್ರ ಸರದಿಯಲ್ಲೇ. ಬಳ್ಳಿ ಸೊರಗುತ್ತಿದೆ ಅನ್ನುವವರು ಬಂದರೆ ಅವರೇ ಮೊದಲು. ಬಂದದ್ದರಲ್ಲಿ ನಮ್ಮ ಪಾಲು ಸುಮಾರು 70%, ಉಳಿದದ್ದು ಯೂಟ್ಯೂಬ್‌ಗೆ.

ಕ್ಲಿಪ್ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಮಳೆಗೆ ಮುಂಚೆ ಮೆಣಸಿಗೆ ಹೊಡೆಯುವ 1% ಬೋರ್ಡೋ ದ್ರಾವಣದ ಬಗ್ಗೆ ಒಬ್ಬರು ಕೇಳಿದ್ದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಅಂತ ಹೇಳಿದೆ. ಆಮೇಲೆ ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೋರಿಸಿದೆ. ಚಾಕುವಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಕ್ಲಿಪ್ ಚಿಕ್ಕದಾಗಲಿ ಅಂತ ಅಳತೆಯಷ್ಟೇ ಇಟ್ಟು ಚಾಕುವಿನ ಭಾಗ ಕತ್ತರಿಸಿಬಿಟ್ಟೆ. ಎರಡು ವಾರಕ್ಕೆ ಫೋನ್ ಬಂತು: "ಅಣ್ಣ, ಎಲೆ ಸುಟ್ಟ ಹಾಗಾಗಿದೆ." ಅವರ ಸುಣ್ಣ ಹಳೆಯದು, ಕಸುವು ಹೋಗಿತ್ತು. ಚಾಕು ಅದ್ದಿ ನೋಡಿದ್ದರೆ ಗೊತ್ತಾಗುತ್ತಿತ್ತು. ಅವತ್ತೇ ಆ ಕ್ಲಿಪ್ ತೆಗೆದೆ.

ಈಗ ಲೈವ್‌ನಲ್ಲೇ ಕ್ಲಿಪ್‌ಗೆ ತಯಾರಿ ಮಾಡುತ್ತೇನೆ. ಕ್ಲಿಪ್ ನೋಡುವವರಿಗೆ ಚಾಟ್ ಕಾಣುವುದಿಲ್ಲ ಅಲ್ವಾ? ಅದಕ್ಕೆ ಪ್ರಶ್ನೆಯನ್ನು ಊರು, ಬೆಳೆ ಸಮೇತ ಬಾಯಿಬಿಟ್ಟು ಓದುತ್ತೇನೆ. ನಾನು ಓದಲು ಶುರು ಮಾಡಿದ ನಿಮಿಷವನ್ನು ತಂಗಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾಳೆ: "41:20 ಬೋರ್ಡೋ, 44:05 ಚಾಕು ಮುಗಿಯಿತು." ಚಾಟ್‌ನಲ್ಲಿ ಪ್ರಶ್ನೆ ಬಿದ್ದ ಹೊತ್ತು ಬರೆದರೆ ಉಪಯೋಗಕ್ಕೆ ಬರುವುದಿಲ್ಲ, ನಾನು ಅದನ್ನು ಎತ್ತಿಕೊಳ್ಳುವಾಗ ಹತ್ತು ನಿಮಿಷ ಆಗಿರಬಹುದು. ಆಮೇಲೆ ಪೂರ್ತಿ ರೆಕಾರ್ಡಿಂಗ್ ಹುಡುಕುವ ಕೆಲಸವೇ ಇಲ್ಲ. ಈ ಬೋರ್ಡೋ ಭಾಗ 2 ನಿಮಿಷ 45 ಸೆಕೆಂಡ್, ಶಾರ್ಟ್ಸ್‌ನ 3 ನಿಮಿಷದೊಳಗೇ ಕೂರುತ್ತದೆ. ಕೂರದಿದ್ದರೆ ಮಾಮೂಲಿ ವಿಡಿಯೋ ಆಗಿ ಹಾಕುತ್ತೇನೆ, ಚಾಕುವಿನ ಭಾಗ ಕತ್ತರಿಸುವುದಿಲ್ಲ.